ಕಾಳಪ್ಪ ಪತ್ತಾರರ ಒಂಬತ್ತು ಆ

ಮಧ್ವರಾಜ ಗುಡಗೇರಿಯವರು ತಮ್ಮ ಮೊದಲ ಕಾದಂಬರಿಯ ಬಿಡುಗಡೆಯ ದಿನ ಮಾಡಿದ ಭಾಷಣ ಚೆನ್ನಾಗಿಯೇ ಇತ್ತು. ಧಾರವಾಡದ ಜನ ಎರಡು ಕಡೆ ನಕ್ಕರು, ಒಂದು ಕಡೆ ಕೆಮ್ಮಿದರು. ಅಲ್ಲಿಗೇ ಕೂತುಬಿಟ್ಟಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಇಪ್ಪತ್ತು ವರ್ಷ ಹಾಸ್ಯ ಲೇಖನ ಬರೆದವರಿಗೆ ಚಪ್ಪಾಳೆ ಬಿದ್ದಮೇಲೆ ಕೂರುವುದು ಗೊತ್ತಿರುವುದಿಲ್ಲ. ಗುಡಗೇರಿಯವರು ಪುಸ್ತಕವನ್ನು ಎತ್ತಿಕೊಂಡು, ನಡುವೆ ಎಲ್ಲೋ ಬಿಡಿಸಿ, ಮದುವೆಮನೆಯಲ್ಲಿ ಸೀರೆ ತೋರಿಸುವವರಂತೆ ಸಭೆಯ ಕಡೆಗೆ ಹಿಡಿದರು.

"ಈಗಿನ ಪುಸ್ತಕದಾಗ ಏನದ? ಕಂಪ್ಯೂಟರಿನ ಅಕ್ಷರ, ಕಂಪ್ಯೂಟರಿನ ಬಳ್ಳಿ. ನಮ್ಮ ಪುಸ್ತಕ ನೋಡ್ರಿ. ಪ್ರತಿ ಅಧ್ಯಾಯದ ಮೊದಲನೇ ಅಕ್ಷರ ಕೈಯಿಂದ ಬರದದ್ದು. ಇದು ನಮ್ಮ ನಾಗವ್ವನ ಮಗಳ ಮದುವಿ ಅಧ್ಯಾಯ. ಇಲ್ಲಿ 'ಮ' ನೋಡ್ರಿ, ಎಷ್ಟು ಮಂಗಳಕರ ಅದ!"

ಮೊದಲ ಸಾಲಿನಲ್ಲಿ ಕೂತಿದ್ದ ನಿವೃತ್ತ ಶಿಕ್ಷಕಿ ಅಂಬಕ್ಕ ಟೀಚರು ಕನ್ನಡಕ ಏರಿಸಿಕೊಂಡು, ಮುಂದೆ ಬಾಗಿ, ನೋಡಿದರು. ಹಿಂದಿನ ಬೆಂಚಿನ ಹುಡುಗರಿಗೆ ಕೇಳಿಸುವಂತೆ ಮೂವತ್ತು ವರ್ಷ ಪಾಠ ಮಾಡಿದ ಗಂಟಲು ಅದು.

"ಅದು ಚಟ್ಟ ಅಲ್ಲೇನೋ ಮಧ್ವರಾಜ?"

ಗುಡಗೇರಿಯವರು ಪುಸ್ತಕ ತಿರುಗಿಸಿ ನೋಡಿಕೊಂಡರು. ಚಟ್ಟವೇ. ಎರಡು ಬಿದಿರು, ಅಡ್ಡ ಪಟ್ಟಿಗಳು, 'ಮ'ದ ಕೊಂಬಿಗೆ ಜೋತುಬಿದ್ದ ಬೆಂಕಿಯ ಗಡಿಗೆ. ಗಡಿಗೆಯಿಂದ ಸಣ್ಣಗೆ ಹೊಗೆ ಎದ್ದು ಅಧ್ಯಾಯದ ಹೆಸರಿನ ತನಕ ಹೋಗಿತ್ತು. ಅದರ ಪಕ್ಕದಲ್ಲೇ ಸಾಲು ಮುಂದುವರಿದಿತ್ತು: "ದುವೆಯ ಚಪ್ಪರಕ್ಕೆ ತಳಿರು ಕಟ್ಟುವ ಹೊತ್ತಿಗೆ..."

ಸಭೆ ಈ ಸಲ ನಿಜವಾಗಿ ನಕ್ಕಿತು. ಗುಡಗೇರಿಯವರು ಮಾತ್ರ ನಗಲಿಲ್ಲ. ಅವರ ಕಣ್ಣು ತಾನೇ ತಾನಾಗಿ ಸಭಾಭವನದ ಕೊನೆಯ ಸಾಲಿಗೆ ಹೋಯಿತು. ಅಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಕಾಳಪ್ಪ ಪತ್ತಾರರು ಕೂತಿದ್ದರು. ಪುಸ್ತಕದ ಎರಡನೇ ಪುಟದಲ್ಲಿ 'ಒಳಪುಟಗಳ ಅಕ್ಷರ ಮತ್ತು ಅಲಂಕಾರ' ಎಂಬುದರ ಮುಂದೆ ಅಚ್ಚಾಗಿದ್ದ ಹೆಸರು ಅವರದೇ.

ಕಾಳಪ್ಪ ಪತ್ತಾರರ ಕೈ ಮೊದಲು ಪಳಗಿದ್ದು ಪಾತ್ರೆಗಳ ಮೇಲೆ. ಅಪ್ಪನದು ಅಕ್ಕಸಾಲಿಕೆ. ಮಗ ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಕೂತು, ಮದುವೆಯ ಉಡುಗೊರೆಯ ತಂಬಿಗೆ ಪರಾತಗಳಿಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಯುತ್ತಿದ್ದ. ಒಮ್ಮೆ ಒಬ್ಬ ಮುದ್ರಣಾಲಯದ ಮಾಲೀಕರು ಭಾವಮೈದುನನ ಮದುವೆಗೆ ಹಂಡೆ ಕೊಂಡರು. ಹಂಡೆಯ ಮೇಲೆ ಮೂಡಿದ ಹೆಸರನ್ನು ನೋಡಿ, ಹಂಡೆಯನ್ನು ಅಲ್ಲೇ ಬಿಟ್ಟು ಕೊರೆದವನನ್ನು ಕರೆದುಕೊಂಡು ಹೋದರು ಎಂದು ಕಥೆ. ಹಂಡೆ ಆಮೇಲೆ ತಲುಪಿತೋ ಇಲ್ಲವೋ ಯಾರೂ ಹೇಳುವುದಿಲ್ಲ.

ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ಅವರು ಲಿನೋ ಎಂಬ ಮೆತ್ತನೆಯ ಹಾಳೆಯಲ್ಲಿ ಅಕ್ಷರವನ್ನು ತಿರುವುಮುರುವಾಗಿ ಕೆತ್ತುತ್ತಿದ್ದರು. ಆಫ್‌ಸೆಟ್ ಬಂದ ಮೇಲೆ ಕೆತ್ತುವುದು ಬಿಟ್ಟು ಕಪ್ಪು ಶಾಯಿಯಲ್ಲಿ ಬರೆಯತೊಡಗಿದರು. ಧಾರವಾಡ, ಗದಗು, ಹುಬ್ಬಳ್ಳಿಗಳ ಪ್ರಕಾಶಕರ ಎಷ್ಟೋ ಕಾದಂಬರಿಗಳಲ್ಲಿ ಅಧ್ಯಾಯ ತೆರೆಯುವ ದೊಡ್ಡಕ್ಷರ, ಅಧ್ಯಾಯ ಮುಗಿದಲ್ಲಿ ಸಣ್ಣ ಗುರುತು, ನಡುವೆ ಸಮಯ ಸರಿದಲ್ಲಿ ಒಂದು ಎಲೆಯೋ ಬೀಜವೋ, ಎಲ್ಲ ಅವರದೇ. ಓದುವವರು ಅವನ್ನು ನೋಡುತ್ತಿದ್ದರು. ಬರೆದವರು ಯಾರೆಂದು ಯಾರೂ ಕೇಳುತ್ತಿರಲಿಲ್ಲ. ಎರಡನೇ ಪುಟದ ಆ ಒಂದು ಸಾಲಿನಲ್ಲಿ ಹೆಸರು ಬಂದರೆ ಅವರಿಗೆ ಸಾಕಿತ್ತು. ಹೊಸ ಪುಸ್ತಕ ಬಂದರೆ ಮೊದಲು ಆ ಪುಟ ತೆರೆದು, ಹೆಸರಿನ ಮೇಲೆ ಬೆರಳಾಡಿಸಿ, ಶಾಯಿ ಒಣಗಿದೆಯೇ ಎಂದು ನೋಡುವವರಂತೆ ಬೆರಳನ್ನೂ ನೋಡಿಕೊಳ್ಳುತ್ತಿದ್ದರು.

ಅವರ ಕೆಲಸದ ರೀತಿಯೇ ಬೇರೆ. ಹಸ್ತಪ್ರತಿಯನ್ನು ಪೂರ್ತಿ ಓದದೆ ಒಂದು ಗೆರೆಯನ್ನೂ ಎಳೆಯುತ್ತಿರಲಿಲ್ಲ. ಓದಿದ ಮೇಲೆ ಕಾದಂಬರಿ ಹೇಗಿದೆ ಎಂದು ಲೇಖಕರು ಆಸೆಯಿಂದ ಕೇಳಿದರೆ, "ಅಕ್ಷರ ಚಂದ ಅದಾವ್ರಿ" ಎನ್ನುತ್ತಿದ್ದರು. ಬೆರಳಚ್ಚು ಮಾಡಿಸಿ ಕೊಟ್ಟವರಿಗೂ ಅದೇ ಉತ್ತರ.

ಇನ್ನೊಂದು ಕಟ್ಟುನಿಟ್ಟು: ಅಧ್ಯಾಯದ ಮೊದಲ ಸಾಲು ಗಟ್ಟಿಯಾಗದೆ ಕೆಲಸ ಹಿಡಿಯುತ್ತಿರಲಿಲ್ಲ. "ಒಳಗ ಏನರ ತಿದ್ದಿಕೋರಿ ರಾಯರ, ನಾಯಕನ್ನ ಕೊಲ್ರಿ, ಬದುಕಸ್ರಿ, ನನಗೇನು. ಮದಲನೇ ಅಕ್ಷರ ಮಾತ್ರ ಹಂದಬಾರದು" ಎಂದು ಗುಡಗೇರಿಯವರಿಗೂ ಹೇಳಿದ್ದರು. ಗುಡಗೇರಿಯವರು ಎದೆಯ ಮೇಲೆ ಕೈ ಇಟ್ಟು, "ಅದು ಕಲ್ಲಿನ ಮ್ಯಾಲೆ ಕೊರದಂಗ ಅಂತ ತಿಳೀರಿ" ಎಂದಿದ್ದರು.

ಕಾದಂಬರಿಯ ಹೆಸರು 'ಕಟ್ಟೆಯ ಮೇಲಿನ ಕೊಡ'. ಹದಿನಾರು ಅಧ್ಯಾಯ. ನೀರು ಹೊತ್ತು ಮಕ್ಕಳನ್ನು ಬೆಳೆಸಿದ ನಾಗವ್ವನ ಕಥೆ. ಗುಡಗೇರಿಯವರು ಆಯುಷ್ಯದಲ್ಲಿ ಒಂದು ಕೊಡ ನೀರು ಸೇದಿದವರಲ್ಲ. ಅದಕ್ಕೇ ಕಥೆಯಲ್ಲಿ ನೀರು ಬಹಳ ಇತ್ತು. ಹದಿನಾರರಲ್ಲಿ ಒಂಬತ್ತು ಅಧ್ಯಾಯಗಳು 'ಆ' ಅಕ್ಷರದಿಂದಲೇ ತೊಡಗುತ್ತಿದ್ದವು. ಆ ದಿನ ಬೆಳಿಗ್ಗೆ. ಆಕೆ ಹಿಂದಿರುಗಿ ನೋಡಲಿಲ್ಲ. ಆಗಷ್ಟೇ ಮಳೆ ನಿಂತಿತ್ತು. ಬರೆಯುವಾಗ ಗುಡಗೇರಿಯವರಿಗೆ ಇದು ಹೊಳೆದಿರಲಿಲ್ಲ. ಕಾಳಪ್ಪನವರಿಗೆ ಹೊಳೆಯಿತು.

ಬೇರೆ ಯಾರಾದರೂ ಒಂದು ಆ ಬರೆದು ಒಂಬತ್ತು ಕಡೆ ಅಂಟಿಸಿ ಕೈ ತೊಳೆಯುತ್ತಿದ್ದರು. ಕಾಳಪ್ಪನವರು ಒಂಬತ್ತು ಆ ಬರೆದರು. ಅಕ್ಷರದ ದುಂಡು ಹೊಟ್ಟೆಯೇ ಬಾವಿಯ ಗಡಗಡಿ. ಬಲಕ್ಕೆ ಚಾಚಿ ಸುತ್ತಿಕೊಳ್ಳುವ ಬಾಲವೇ ಹಗ್ಗ. ಮೊದಲನೇ ಆ-ದಲ್ಲಿ ಹಗ್ಗ ಹೊಸದು, ದಪ್ಪ, ಎಳೆಗಳು ಬಿಗಿ. ಎರಡನೆಯದರಲ್ಲಿ ಒಂದು ಎಳೆ ಸಡಿಲ. ಹೀಗೇ ಅಧ್ಯಾಯದಿಂದ ಅಧ್ಯಾಯಕ್ಕೆ ಹಗ್ಗ ಸವೆಯುತ್ತಾ ಹೋಗಿ, ಒಂಬತ್ತನೆಯದರಲ್ಲಿ ಒಂದೇ ಎಳೆ ಉಳಿದಿತ್ತು. ಕೊಡ ಇನ್ನೂ ಕೆಳಗೇ ಇತ್ತು. ಅದು ಮೇಲೆ ಬರುತ್ತದೋ ಇಲ್ಲವೋ ಎಂಬುದನ್ನು ಚಿತ್ರ ಹೇಳುತ್ತಿರಲಿಲ್ಲ. ಕಾದಂಬರಿಯೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ಅವರ ಬಲಗಣ್ಣಿಗೆ ಆಗಲೇ ಮೋತಿಬಿಂದಿನ ಪೊರೆ ಕೂಡಿತ್ತು. ಡಾಕ್ಟರರು ಬೇಗ ಆಪರೇಷನ್ ಮಾಡಿಸಿಕೊಳ್ಳಿ ಎಂದರೆ, "ಆ ಮುಗೀಲಿ, ಬರ್ತೀನಿ" ಎಂದು ಹೇಳಿ ಬಂದಿದ್ದರಂತೆ. ಡಾಕ್ಟರರು ಇವರಿಗೆ ಕಣ್ಣಿನ ಜೊತೆ ಇನ್ನೇನೋ ಆಗಿದೆ ಎಂದುಕೊಂಡಿರಬೇಕು.

ಚಿತ್ರಗಳನ್ನು ಸ್ಕ್ಯಾನ್ ಮಾಡಿ ಪುಟ ಕಟ್ಟಿದವಳು ರೇಷ್ಮಾ ನದಾಫ್, ಹೊಸಕೇರಿ ಪ್ರಕಾಶನದ ಡಿಟಿಪಿ ಮಾಡುವವಳು. ಕಾಳಪ್ಪನವರು ಅವಳ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಒಂದೊಂದು ಪುಟವನ್ನೂ ನೋಡಿದ್ದರು. ಅಕ್ಷರದ ತಲೆ ಮೊದಲ ಸಾಲಿನ ತಲೆಗೆ ಸಮ ಇರಬೇಕು, ಪಾದ ಐದನೇ ಸಾಲಿನ ಪಾದಕ್ಕೆ ಕೂರಬೇಕು. 'ಸ್ವಾಮಿಗಳು' ಎಂದು ತೊಡಗುವ ಅಧ್ಯಾಯದಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದರಿಂದ ಅಲ್ಲಿ ಇನ್ನೊಂದು ಸಾಲನ್ನು ಪಕ್ಕಕ್ಕೆ ಸರಿಸಬೇಕು, ಇಲ್ಲದಿದ್ದರೆ ಅದು ಆರನೇ ಸಾಲಿನ ತಲೆಯ ಮೇಲೆ ಕಾಲಿಟ್ಟಂತಾಗುತ್ತದೆ. ರೇಷ್ಮಾ ಹೇಳಿದಂತೆ ಮಾಡಿದಳು. ಕಡೆಗೆ ಕಾಳಪ್ಪನವರು, "ಚಲೋ ಆತವಾ. ಇನ್ನ ಕಣ್ಣು ಕೊಯ್ಸಿಕೊಳ್ಳಾಕ ಹೋಗ್ತೀನಿ" ಎಂದು ಎದ್ದರು.

ಅವರು ಆಸ್ಪತ್ರೆಗೆ ಹೋದ ವಾರವೇ ಗುಡಗೇರಿಯವರಿಗೆ ಪ್ರೊಫೆಸರ್ ಸವಣೂರಮಠರ ಫೋನು ಬಂತು. ಅಕ್ಷರ ಕೂರಿಸಿದ ಪುಟಗಳನ್ನು ಮುನ್ನುಡಿಗೆಂದು ತರಿಸಿಕೊಂಡಿದ್ದ ದೊಡ್ಡ ವಿಮರ್ಶಕರು. ಹೊಗಳಿಕೆಯನ್ನು ಔಷಧದಂತೆ ತೊಟ್ಟಿನ ಲೆಕ್ಕದಲ್ಲಿ ಹಾಕುವವರು.

"ಓದಿದೆ ಗುಡಗೇರಿ. ಅಡ್ಡಿಯಿಲ್ಲ. ಆದರ ಎಲ್ಲಿ ನೋಡಿದ್ರೂ 'ಆ ದಿನ', 'ಆಕೆ', 'ಆಗ'. ಬಾಯಿ ತೆರಕೊಂಡು ಕೂತಾಂಗ ಅನಸ್ತದಪಾ. ಹಲ್ಲಿನ ಡಾಕ್ಟರ್ ಮುಂದ ಕೂತಾಂಗ." ಹೀಗೆಂದು ತಾವೇ ನಕ್ಕು, ಬೇರೆ ಮಾತಿಗೆ ಹೋದರು.

ಗುಡಗೇರಿಯವರಿಗೆ ಆ ರಾತ್ರಿ ಊಟ ಸೇರಲಿಲ್ಲ. ಊರನ್ನೆಲ್ಲ ಇಪ್ಪತ್ತು ವರ್ಷ ಗೇಲಿ ಮಾಡಿದ ಮನುಷ್ಯನಿಗೆ ತನ್ನ ಮೇಲಿನ ಒಂದು ಗೇಲಿ ಜೀರ್ಣವಾಗಲಿಲ್ಲ. ಮರುದಿನ ಬೆಳಿಗ್ಗೆ ಹೊಸಕೇರಿ ಪ್ರಕಾಶನದ ಬಾಗಿಲು ತೆಗೆಯುವ ಹೊತ್ತಿಗೆ ಅವರು ಅಲ್ಲಿದ್ದರು.

"ಒಂಬತ್ತೂ ಬದಲಿ ಮಾಡಬೇಕು" ಎಂದರು.

ಪ್ರಕಾಶಕ ಅನ್ನದಾನಿ ಹೊಸಕೇರಿ ಚಹಾದ ಕಪ್ಪನ್ನು ಕೆಳಗಿಟ್ಟರು. "ಸರ, ಡಿಸೆಂಬರ್ ಮುಗ್ಯಾಕ ಬಂತು. ಈ ವರ್ಷದ ಪುಸ್ತಕ ಅಂತ ಗ್ರಂಥಾಲಯದ ಖರೀದಿಗೆ ಹೋಗಬೇಕಂದ್ರ ಈಗ ಅಚ್ಚಿಗೆ ಹೋಗಬೇಕು. ಕಾಳಪ್ಪಣ್ಣ ಕಣ್ಣಿಗೆ ಪಟ್ಟಿ ಕಟಗೊಂಡು ಕುಂತಾನ. ತಲಿ ಬಗ್ಗಿಸಬ್ಯಾಡ ಅಂದಾರಂತ. ಹೊಸಾ ಅಕ್ಷರ ಯಾರು ಬರೀತಾರ? ನೀವು ಬರೀತೀರೇನು?"

"ಕಂಪ್ಯೂಟರಿನ ಅಕ್ಷರ ಹಾಕಿದ್ರ?"

ರೇಷ್ಮಾ ಒಂದು ಪುಟ ಮಾಡಿ ತೋರಿಸಿದಳು. ಹಳೆಯ ನುಡಿ ಫಾಂಟಿನಲ್ಲಿ ಅಕ್ಷರವೆಂದರೆ ತುಂಡು ತುಂಡು. ಡ್ರಾಪ್ ಕ್ಯಾಪ್ ಮಾಡು, ಅಂದರೆ ಮೊದಲಕ್ಷರ ದೊಡ್ಡದು ಮಾಡು ಎಂದರೆ ಕಂಪ್ಯೂಟರು ಮೊದಲ ತುಂಡನ್ನು ಮಾತ್ರ ಎತ್ತಿ ದೊಡ್ಡದು ಮಾಡುತ್ತದೆ. 'ಮ' ಹೋಗಿ ತಲೆಕಟ್ಟಿಲ್ಲದ ಒಂದು ಬೋಳು 'ವ' ಎದ್ದು ನಿಂತಿತ್ತು. ಅದರ ತಲೆಕಟ್ಟೂ ಕೊಂಬೂ ಕೆಳಗೆ ಸಣ್ಣದಾಗಿ ಅನಾಥವಾಗಿ ಬಿದ್ದಿದ್ದವು. ಎಷ್ಟು ತುಂಡು ಎತ್ತಬೇಕೆಂದು ಹೇಳಿ ಅದನ್ನು ಸರಿಮಾಡಿದಳು. ಸರಿಯಾದ ಮೇಲೂ ಕೈಬರಹದ ಅಕ್ಷರಗಳ ನಡುವೆ ಅದು ಕಟ್ಟಿಸಿಕೊಂಡ ಹಲ್ಲಿನಂತೆ ಕಾಣುತ್ತಿತ್ತು.

"ಬ್ಯಾಡ" ಎಂದರು ಹೊಸಕೇರಿ. "ಕೈಯಿಂದ ಬರದ ಅಕ್ಷರ ಅಂತ ಎಲ್ಲಾ ಕಡೆ ಹೇಳೀವಿ. ಹಿಂಗ ಮಾಡ್ರಿ. ಉಳಿದ ಏಳು ಅಧ್ಯಾಯದ ಅಕ್ಷರ ಅದಾವಲ್ಲ, ಮ, ಬ, ಹ, ಊ, ಕೆ, ನೀ, ಸ್ವಾ. ನಿಮ್ಮ ಹೊಸಾ ಸಾಲು ಅದರಾಗಿಂದ ಒಂದು ಅಕ್ಷರದಿಂದ ಸುರು ಮಾಡ್ರಿ. ಅಕ್ಷರ ಎರಡು ಸಲ ಬಂದ್ರ ಯಾರು ಕೇಳ್ತಾರ?"

ಹೀಗೆ, ವಾಕ್ಯಕ್ಕೆ ಅಕ್ಷರ ಹುಡುಕುವ ಲೋಕದ ರೂಢಿಯನ್ನು ಬಿಟ್ಟು, ಗುಡಗೇರಿಯವರು ಅಕ್ಷರಕ್ಕೆ ವಾಕ್ಯ ಹುಡುಕುತ್ತಾ ರೇಷ್ಮಾಳ ಪಕ್ಕದ ಅದೇ ಸ್ಟೂಲಿನ ಮೇಲೆ ಕೂತರು. 'ಆ ದಿನ ಬೆಳಿಗ್ಗೆ' ಹೋಗಿ 'ಊರು ಎಚ್ಚರವಾಗುವ ಮೊದಲು' ಆಯಿತು. 'ಆಕೆ ಹಿಂದಿರುಗಿ ನೋಡಲಿಲ್ಲ' ಹೋಗಿ 'ಊರಿನತ್ತ ಆಕೆ ಹಿಂದಿರುಗಿ ನೋಡಲಿಲ್ಲ' ಆಯಿತು. ನಾಗವ್ವನ ಮಗಳ ಮದುವೆಯ ಅಧ್ಯಾಯ 'ಮದುವೆಯ ಚಪ್ಪರಕ್ಕೆ' ಎಂದು ತೊಡಗಿ ಮ ಪಡೆಯಿತು. 'ಸ್ವಾ'ದಿಂದ ತೊಡಗುವುದಕ್ಕೆ ಸ್ವಾತಂತ್ರ್ಯದ ಮೇಲೆ ಒಂದು ವಾಕ್ಯವನ್ನು ನಾಗವ್ವನ ಬಾಯಿಗೆ ತುರುಕಬೇಕಾಯಿತು. ಅವಳಿಗೆ ಪಾಪ ಕೊಡದ ಚಿಂತೆಯೇ ಸಾಕಾಗಿತ್ತು. ಸಂಜೆಯ ಹೊತ್ತಿಗೆ ಒಂಬತ್ತು ಆ ಹೋಗಿ, ಮೊದಲಿದ್ದ ಒಂದಕ್ಕೆ ಇನ್ನೂ ಮೂರು ಸೇರಿ ನಾಲ್ಕು ಊ ಆಗಿದ್ದವು. ಊ-ದ ಚಿತ್ರದಲ್ಲಿ ಒಂದು ಸರ್ಕಾರಿ ಬಸ್ಸಿನ ಹಿಂಬದಿ ಇತ್ತು, ಏಣಿ ಸಮೇತ. ನಾಲ್ಕು ಅಧ್ಯಾಯಗಳ ಬಾಗಿಲಲ್ಲೂ ಅದೇ ಬಸ್ಸು ಬಂದು ನಿಂತಿತು.

ರೇಷ್ಮಾ ಬಾವಿಗಳನ್ನು ಒಂದೊಂದಾಗಿ ಅಳಿಸಿದಳು. "ಒಂಬತ್ತು ಬಾವಿ ಒಂದ ದಿನದಾಗ ಬತ್ತಿಸಿದ್ರಿ ಸರ" ಎಂದಳು.

"ಏನು ಮಾಡೂದವಾ, ಸಾಹಿತ್ಯ."

"ಚಿತ್ರ ಒಮ್ಮೆ ನೋಡ್ಕೋರಿ. ಯಾವ ಅಧ್ಯಾಯಕ್ಕ ಯಾವ್ದು ಬಂದೈತಿ ಅಂತ."

"ಅಕ್ಷರ ಸರಿ ಅದಾವಲ್ಲ? ಸಾಕು" ಎಂದರು ಗುಡಗೇರಿಯವರು. ಅವರು ಬರವಣಿಗೆಯವರು. 'ಮ' ಎಂದರೆ ಅವರಿಗೆ ಮ. ಕೊನೆಯ ಅಧ್ಯಾಯದ 'ಮಣ್ಣು' ಎಂಬ ಮಾತಿಗಾಗಿ ಕಾಳಪ್ಪನವರು ಅದರೊಳಗೆ ಕಟ್ಟಿದ್ದ ಚಟ್ಟ ಅವರ ಕಣ್ಣಿಗೆ ಬೀಳಲೇ ಇಲ್ಲ.

ಅಚ್ಚಿಗೆ ಹೋಗುವ ಮುಂಚೆ ಕಾಳಪ್ಪನವರಿಗೆ ಹೇಳಿಬರುವುದು ತಮ್ಮ ಧರ್ಮವೆಂದು ಗುಡಗೇರಿಯವರಿಗೆ ಅನ್ನಿಸದೆ ಇರಲಿಲ್ಲ. ಹೋದರು ಕೂಡ. ಕಾಳಪ್ಪನವರು ಎರಡೂ ಕಣ್ಣಿನ ಮೇಲೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ಜಗಲಿಯ ಗೋಡೆಗೆ ಒರಗಿದ್ದರು.

"ಯಾರು? ಗುಡಗೇರಿ ರಾಯರೇನು? ಕೆಮ್ಮಿನ ಮ್ಯಾಲೆ ಗುರ್ತು ಹಿಡದೆ. ಬರ್ರಿ, ಬರ್ರಿ. ಅಚ್ಚು ಸುರು ಆತೇನ್ರಿ?"

"ಹೂಂ, ಇನ್ನೇನು..."

"ಈ ಸಲ ಬಿಡುಗಡಿಗೆ ಬರ್ತೀನ್ರಿ. ಯಾವತ್ತೂ ಹೋಗಿಲ್ಲ. ಹೊಸಾ ಕಣ್ಣಿಲೆ ಮದಲು ನೋಡೂದು ನನ್ನ ಆ ನೋಡ್ತೀನಿ ಅಂತ ಡಾಕ್ಟರಗೆ ಹೇಳೀನಿ. ಅವನೂ ನಕ್ಕ." ಕಾಳಪ್ಪನವರು ತಾವೂ ನಕ್ಕರು. ಆಮೇಲೆ ಮುಖವನ್ನು ಗುಡಗೇರಿಯವರಿದ್ದ ದಿಕ್ಕಿಗಿಂತ ಸ್ವಲ್ಪ ಆಚೆಗೆ ತಿರುಗಿಸಿ, "ಬದಲಿ ಗಿದಲಿ ಏನೂ ಇಲ್ಲಲ್ರಿ?" ಎಂದು ಕೇಳಿದರು.

ಮನೆಯವರು ಒಳಗಿಂದ ರವೆ ಉಂಡಿ ತಂದಿಟ್ಟರು. ಗುಡಗೇರಿಯವರ ಬಾಯಿ ತುಂಬಿತು. ತುಂಬಿದ ಬಾಯಿಯಿಂದ ನಿಜ ಹೇಳುವುದು ಕಷ್ಟ. ಸುಳ್ಳಾದರೆ ತಲೆಯಾಡಿಸಿದರೂ ಸಾಕು. ಅವರು ತಲೆಯಾಡಿಸಿದರು. ಕಾಣದ ಮನುಷ್ಯನೆದುರು ತಲೆಯಾಡಿಸಿ ಪ್ರಯೋಜನವಿಲ್ಲವೆಂದು ಹೊಳೆದು, "ಏನೂ ಇಲ್ಲ" ಎಂದೂ ಅಂದರು. ಎರಡನೇ ಉಂಡಿಯನ್ನೂ ತಿಂದು ಬಂದರು. ಪುಸ್ತಕದ ಎರಡನೇ ಪುಟದಿಂದ ಆ ಹೆಸರನ್ನಾದರೂ ತೆಗೆಸಬೇಕೆಂದು ದಾರಿಯಲ್ಲಿ ಯೋಚಿಸಿದರು. ಹೆಸರು ತೆಗೆದರೆ ಅವಮಾನ, ಬಿಟ್ಟರೆ ಗೌರವ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಸುಮ್ಮನಾದರು.

ಈಗ ವೇದಿಕೆಯ ಮೇಲೆ ಚಟ್ಟ ಹಿಡಿದುಕೊಂಡು ನಿಂತಿದ್ದರು.

ಸಭೆ ತೊಡಗುವ ಮುಂಚೆ ಕಾಳಪ್ಪನವರು ಬಾಗಿಲಲ್ಲೇ ಒಂದು ಪ್ರತಿ ತೆಗೆದುಕೊಂಡದ್ದನ್ನು ಗುಡಗೇರಿಯವರು ಕಂಡಿದ್ದರು. ಎರಡನೇ ಪುಟ, ಹೆಸರಿನ ಮೇಲೆ ಬೆರಳು. ಆಮೇಲೆ ಕಪ್ಪು ಕನ್ನಡಕ ಹಣೆಗೇರಿಸಿ ಮೊದಲ ಅಧ್ಯಾಯ. ಬಸ್ಸು. ಅವರು ಪುಟ ತಿರುವಿದರು. ಬಸ್ಸು. ಅಂಟಿಕೊಂಡ ಪುಟಗಳೇನಾದರೂ ಇವೆಯೇ ಎಂದು ಹೆಬ್ಬೆರಳಿನಿಂದ ಅಂಚನ್ನು ಸವರಿ ನೋಡಿದರು. ಪುಸ್ತಕದ ಕೊನೆಯ ತನಕ ಹೋಗಿ, ಇನ್ನೊಂದು ಸಲ ಮೊದಲಿನಿಂದ ಬಂದರು. ಅವರು ಎರಡನೇ ಸಲ ಮೊದಲಿನಿಂದ ಬರುವುದನ್ನು ನೋಡಲಾಗದೆ ಗುಡಗೇರಿಯವರು ಹಾರದ ಕಡೆಗೆ ಕೊರಳು ಕೊಟ್ಟಿದ್ದರು. ಕಾಳಪ್ಪನವರು ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು, ಪುಸ್ತಕವನ್ನು ಮುಚ್ಚಿ, ಕೊನೆಯ ಸಾಲಿಗೆ ಹೋಗಿ ಕೂತರು.

"ಯಾರಪಾ ಇದನ್ನ ಬರದವ್ರು?" ಅಂಬಕ್ಕ ಟೀಚರು ಬಿಡಲಿಲ್ಲ. ಕೈಯಲ್ಲಿದ್ದ ಪ್ರತಿಯ ಎರಡನೇ ಪುಟ ತೆರೆದು ಗಟ್ಟಿಯಾಗಿ ಓದಿದರು. "ಕಾಳಪ್ಪ ಪತ್ತಾರ. ಬಂದಾರೇನು?"

ಕಾಳಪ್ಪನವರು ಎದ್ದು ನಿಂತರು. ಕುರ್ಚಿಗಳು ಕಿರ್ ಎಂದು ತಿರುಗಿದವು. ಅವರ ಜೀವನದಲ್ಲಿ ಅವರ ಹೆಸರನ್ನು ತುಂಬಿದ ಸಭೆಯಲ್ಲಿ ಯಾರಾದರೂ ಕೂಗಿದ್ದು ಅದೇ ಮೊದಲು.

ವೇದಿಕೆಯ ಮೇಲೆ ಹೊಸಕೇರಿ ತಮ್ಮ ಶೂಗಳನ್ನು ಆಳವಾಗಿ ಪರೀಕ್ಷಿಸತೊಡಗಿದರು. ಪ್ರೊಫೆಸರ್ ಸವಣೂರಮಠರು ಪಕ್ಕಕ್ಕೆ ವಾಲಿ, "ಇಷ್ಟು ಸಲ ಬಸ್ಸು ಯಾಕ್ರಿ? ಮದಲ ನೋಡಿದಾಗ ಬ್ಯಾರೆ ಇತ್ತಲ್ಲ" ಎಂದು ಪಿಸುಗುಟ್ಟಿದರು. ಹಲ್ಲಿನ ಡಾಕ್ಟರರ ಮಾತು ಅವರಿಗೆ ನೆನಪಿನಲ್ಲಿಯೂ ಇರಲಿಲ್ಲ. ಗುಡಗೇರಿಯವರ ಬಾಯಿ ತೆರೆದಿತ್ತು. ತಪ್ಪು ನನ್ನದು ಎಂಬ ಎರಡು ಶಬ್ದಗಳು ನಾಲಿಗೆಯ ತುದಿಯವರೆಗೆ ಬಂದವು. ಮೈಕು ಕೂಡ ಅವರೆದುರಿಗೇ ಇತ್ತು. ಅವರು ಮೈಕನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರು.

ಅಂಬಕ್ಕ ಟೀಚರು ತಪ್ಪು ಮಾಡಿದ ಹುಡುಗನನ್ನು ಎಬ್ಬಿಸಿ ಕೇಳುವ ಧಾಟಿಯಲ್ಲೇ ಕೇಳಿದರು.

"ಹಿರ್ಯಾರ ಕಾಣ್ತೀರಿ. ಹುಡುಗಿ ಮದುವಿ ಚಪ್ಪರದಾಗ ಚಟ್ಟ ಯಾಕ ತಂದ ಇಟ್ರಿ?"

ಕಾಳಪ್ಪನವರು ಕೈಯಲ್ಲಿದ್ದ ಪುಸ್ತಕವನ್ನು ಒಮ್ಮೆ, ವೇದಿಕೆಯನ್ನು ಒಮ್ಮೆ ನೋಡಿದರು. ಕಪ್ಪು ಕನ್ನಡಕದ ಹಿಂದೆ ಏನಿತ್ತೆಂದು ಅಷ್ಟು ದೂರದಿಂದ ಯಾರಿಗೂ ಕಾಣುವಂತಿರಲಿಲ್ಲ.

"ನಾ ಕಾದಂಬರಿ ಪೂರಾ ಓದೀನ್ರಿ" ಎಂದರು.